ಗಾಬರಿಯ ಗಳಿಗೆಗೊಂದು ಚೀಟಿ

ಬೀದರದ ಬಸ್ ನಿಲ್ದಾಣದಿಂದ ಭಾಲ್ಕಿಗೆ ಹೊರಡುವ ಸಂಜೆಯ ಬಸ್ಸು ಅದು. ಕೂರಲು ಸ್ಥಳ ಸಿಕ್ಕವರಿಗಿಂತ ನಿಂತವರೇ ಹೆಚ್ಚು. ಕಿಟಕಿಯ ಪಕ್ಕದಲ್ಲಿ ಶಾಲೆಯ ಅಧ್ಯಾಪಕಿಯೊಬ್ಬಳು ಕುಳಿತಿದ್ದಾಳೆ. ವಯಸ್ಸು ಮೂವತ್ತಾರು, ಮನೆ ಭಾಲ್ಕಿಯಲ್ಲಿ, ಕೆಲಸ ಬೀದರದಲ್ಲಿ, ತವರು ಔರಾದದಲ್ಲಿ. ಬಸ್ಸು ಊರನ್ನು ದಾಟಿ ಕಬ್ಬಿನ ಗದ್ದೆಗಳ ನಡುವೆ ಸಾಗುತ್ತಿರುವಾಗ, ಯಾವ ಕಾರಣವೂ ಇಲ್ಲದೆ, ಅವಳ ಎದೆ ಒಮ್ಮೆಗೇ ಡವಡವನೆ ಬಡಿದುಕೊಳ್ಳತೊಡಗುತ್ತದೆ. ಉಸಿರು ಸಾಲದೆನಿಸುತ್ತದೆ. ಬೆರಳ ತುದಿಗಳಲ್ಲಿ ಜುಮುಜುಮು, ತುಟಿಯ ಸುತ್ತ ಮರಗಟ್ಟಿದ ಭಾವ, ಕಣ್ಣೆದುರಿನ ಜನರೆಲ್ಲ ದೂರ ಸರಿದಂತೆ ಒಂದು ವಿಚಿತ್ರ ಮಂಪರು. "ಆಯಿತು, ನನ್ನ ಎದೆ ನಿಂತೇಹೋಯಿತು" ಎಂಬ ಒಂದೇ ಮಾತು ಮನಸ್ಸನ್ನು ತುಂಬುತ್ತದೆ.

"ಏನಾಯ್ತ್ರೀ ಅಕ್ಕೋರೆ?" ಎಂದು ಕಂಡಕ್ಟರು ಕೇಳಿದರೆ ಉತ್ತರ ಹೇಳಲೂ ಬಾಯಿ ಬಾರದು.

ಈ ಅಧ್ಯಾಪಕಿ ಯಾವ ಒಬ್ಬ ವ್ಯಕ್ತಿಯೂ ಅಲ್ಲ. ವಿಷಯವನ್ನು ವಿಶದಪಡಿಸಲೆಂದು ಕಲ್ಪಿಸಿಕೊಂಡ ಪಾತ್ರ. ಆದರೆ ಅವಳಿಗಾದ ಅನುಭವದಲ್ಲಿ ಕಲ್ಪಿತವಾದುದು ಒಂದೂ ಇಲ್ಲ. ವೈದ್ಯರು ಇದನ್ನು 'ಪ್ಯಾನಿಕ್ ಅಟ್ಯಾಕ್' ಎಂದು ಕರೆಯುತ್ತಾರೆ. ಬೀದರ ಸೀಮೆಯ ಜನ ಬಹು ಹಿಂದಿನಿಂದಲೂ ಇದನ್ನು 'ಜೀವ ಗಾಬ್ರಿ ಆಗೋದು' ಎನ್ನುತ್ತಾರೆ; ಉರ್ದು ಬಲ್ಲವರ ಬಾಯಲ್ಲಿ ಇದು 'ಘಬರಾಹಟ್'. ಹೆಸರು ಯಾವುದಾದರೂ ಸರಿ, ಅದರ ನಡೆ ಒಂದೇ: ಹಠಾತ್ತನೆ ಎರಗುತ್ತದೆ, ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗಾಗಿ ಶಿಖರವನ್ನು ಮುಟ್ಟುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಆದರೆ ಆ ಹತ್ತು ನಿಮಿಷಗಳಲ್ಲಿ, ಅದು ಇಳಿಯುತ್ತದೆಂಬ ಸಂಗತಿಯೊಂದೇ ನೆನಪಿಗೆ ಬರುವುದಿಲ್ಲ.

ಅದಕ್ಕಾಗಿಯೇ ಒಂದು ಚಿಕ್ಕ ಚೀಟಿ. ಮನಸ್ಸು ಶಾಂತವಾಗಿರುವಾಗ ತನ್ನ ಕೈಯಿಂದಲೇ ಬರೆದಿಟ್ಟುಕೊಂಡು, ಗಾಬರಿಯ ಗಳಿಗೆಯಲ್ಲಿ ಓದಿ ಅದರಂತೆ ನಡೆಯುವುದಕ್ಕಾಗಿ ಇರುವ ಚೀಟಿ.

ಶಾಂತವಾಗಿರುವಾಗಲೇ ಏಕೆ?

ದಿಗಿಲು ಎರಗಿದಾಗ ಶರೀರವು ಹುಲಿಯನ್ನು ಕಂಡ ಜಿಂಕೆಯಂತೆ ವರ್ತಿಸುತ್ತದೆ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಧುಮುಕುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡುವವನಿಗೆ ಇವೆಲ್ಲ ಉಪಕಾರಿ. ಬಸ್ಸಿನಲ್ಲಿ ಕುಳಿತವಳಿಗೆ ಓಡುವ ಕೆಲಸವಿಲ್ಲ. ಆದುದರಿಂದ ಅವಳ ಗಮನವೆಲ್ಲ ತನ್ನ ಒಡಲಿನ ಮೇಲೆಯೇ ತಿರುಗುತ್ತದೆ. ಅಪಾಯವೆಲ್ಲಿ ಎಂದು ಹುಡುಕುವ ಮನಸ್ಸಿಗೆ ಆ ಬಡಿಯುವ ಎದೆಯೇ ಅಪಾಯವಾಗಿ ತೋರುತ್ತದೆ.

ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಈ ಚಕ್ರವನ್ನು ಸ್ಪಷ್ಟವಾಗಿ ವಿವರಿಸಿದರು. ಎದೆ ಬಡಿಯಿತು; "ಇದು ಹೃದಯಾಘಾತ" ಎಂದು ಮನಸ್ಸು ಅರ್ಥ ಕಟ್ಟಿತು; ಆ ಅರ್ಥದಿಂದ ಭಯ ಹೆಚ್ಚಿತು; ಭಯದಿಂದ ಎದೆ ಇನ್ನೂ ಜೋರಾಗಿ ಬಡಿಯಿತು; "ನೋಡು, ನಿಜವೇ ಆಯಿತು" ಎಂದಿತು ಮನಸ್ಸು. ಗಾಣದೆತ್ತಿನಂತೆ ಸುತ್ತುವ ಈ ಚಕ್ರವನ್ನು ಎಲ್ಲಾದರೊಂದೆಡೆ ತಡೆಯಬೇಕು. ತಡೆಯಲು ಸುಲಭವಾದ ಸ್ಥಾನವೆಂದರೆ ಆ ತಪ್ಪು ಅರ್ಥ. ಆದರೆ ದಿಗಿಲಿನ ನಡುವೆ ಕುಳಿತು ಹೊಸ ವಾದವನ್ನು ಹೂಡುವ ಶಕ್ತಿ ಮನಸ್ಸಿಗೆ ಇರದು. ಮೊದಲೇ ಬರೆದ ನಾಲ್ಕು ಮಾತುಗಳನ್ನು ಓದುವಷ್ಟು ಶಕ್ತಿ ಮಾತ್ರ ಉಳಿದಿರುತ್ತದೆ. ಅಂದರೆ, ಯೋಚಿಸುವ ಕೆಲಸವನ್ನು ಮುಂಚಿತವಾಗಿಯೇ ಮುಗಿಸಿ, ಪಾಲಿಸುವ ಕೆಲಸವನ್ನಷ್ಟೇ ಆ ಗಳಿಗೆಗೆ ಉಳಿಸುವುದೇ ಚೀಟಿಯ ಗುಟ್ಟು.

ಈ ಉಪಾಯ ಹೊಸದಲ್ಲ. ಯೌವನದಲ್ಲಿ ತಾನೇ ಎದೆಬಡಿತದ ಭೀತಿಯಿಂದ ಬಳಲಿದ್ದ ಆಸ್ಟ್ರೇಲಿಯದ ವೈದ್ಯೆ ಕ್ಲೇರ್ ವೀಕ್ಸ್, 1962ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಭಯದೊಡನೆ ಹೋರಾಡದೆ ಅದನ್ನು ಎದುರುಗೊಂಡು, ಇರಗೊಟ್ಟು, ಕಾಲ ಕಳೆಯಲು ಬಿಡಬೇಕೆಂದು ಬೋಧಿಸಿದರು. ಮನೆ ಬಿಟ್ಟು ಹೊರಬರಲು ಅಂಜುವ ರೋಗಿಗಳಿಗಾಗಿ ಆಕ್ಸ್‌ಫರ್ಡಿನ ಮ್ಯಾಥ್ಯೂಸ್, ಗೆಲ್ಡರ್ ಮತ್ತು ಜಾನ್‌ಸ್ಟನ್ ಎಂಬ ಮೂವರು 1981ರಲ್ಲಿ ಹತ್ತು ಚಿಕ್ಕ ನಿಯಮಗಳನ್ನು ಕೊಟ್ಟರು. ಇವು ಬೇರೆಯವರು ಬರೆದ ಮಾತುಗಳು. ಎಲ್ಲರಿಗೂ ಹೊಂದುವಂತೆ ಬರೆದವು. ಪ್ರತಿಯೊಬ್ಬರ ದಿಗಿಲಿಗೂ ಅದರದೇ ಆದ ಒಂದು ಚಹರೆಯುಂಟು. ಆದುದರಿಂದ ಚೀಟಿಯನ್ನು ಅವರವರೇ ಬರೆದುಕೊಳ್ಳುವುದು ಮೇಲು.

ಮೊದಲು ವೈದ್ಯರು, ಆಮೇಲೆ ಲೇಖನಿ

ನಮ್ಮ ಅಧ್ಯಾಪಕಿ ಚೀಟಿಗೆ ಕೈಹಾಕುವ ಮುನ್ನ ಆಸ್ಪತ್ರೆಗೆ ಹೋದಳು. ಇದನ್ನು ಯಾರೂ ಬಿಡಬಾರದು. ಮೊದಲ ಸಲ ಇಂಥ ಎದೆಬಡಿತ ಬಂದಾಗ ಅದು ದಿಗಿಲೇ ಹೌದೆಂದು ಮನೆಯಲ್ಲಿ ಕುಳಿತು ನಿರ್ಧರಿಸುವುದು ಸಲ್ಲದು. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆ, ಸಕ್ಕರೆ ರೋಗಿಗಳಲ್ಲಿ ಸಕ್ಕರೆ ತೀರ ಇಳಿಯುವುದು, ಹೃದಯದ ಲಯ ತಪ್ಪುವುದು, ಆಸ್ತಮಾ: ಇವೆಲ್ಲ ದಿಗಿಲಿನ ವೇಷ ಧರಿಸಿ ಬರಬಲ್ಲವು. ಅವಳಿಗೆ ಇ.ಸಿ.ಜಿ. ತೆಗೆದರು, ರಕ್ತ ಪರೀಕ್ಷಿಸಿದರು, ದೋಷವೇನೂ ಕಾಣಲಿಲ್ಲ. ದಿನಕ್ಕೆ ಏಳೆಂಟು ಕಪ್ಪು ಚಹಾ ಕುಡಿಯುವುದನ್ನು ಕಡಿಮೆ ಮಾಡಲು ವೈದ್ಯರು ಹೇಳಿದರು. ಚಹಾದಲ್ಲಿರುವ ಕೆಫೀನು ಎದೆಯನ್ನು ಬಡಿಸಿ, ದಿಗಿಲಿಗೆ ಕಿಡಿಯಾಗಬಲ್ಲದು.

ಆ ಪರೀಕ್ಷೆಯ ಫಲಿತಾಂಶ ಅವಳಿಗೆ ಎರಡು ರೀತಿಯಿಂದ ಉಪಯೋಗವಾಯಿತು. ಬೇರೆ ರೋಗವಿಲ್ಲವೆಂದು ತಿಳಿಯಿತು. ಚೀಟಿಯಲ್ಲಿ ಬರೆಯಲು ಒಂದು ಗಟ್ಟಿಯಾದ ಸಾಕ್ಷ್ಯವೂ ದೊರೆಯಿತು.

ಮೊದಲ ಚೀಟಿ ಏಕೆ ಕೆಟ್ಟಿತು?

ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಅವಳು ಮಗಳ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ಬರೆದಳು. ಧೈರ್ಯವಾಗಿರು, ಹೆದರಬೇಡ, ಕೆಟ್ಟದ್ದನ್ನು ಯೋಚಿಸಬೇಡ, ದೇವರಿದ್ದಾನೆ, ದೀರ್ಘವಾಗಿ ಉಸಿರೆಳೆದುಕೋ, ನೀರು ಕುಡಿ, ಕೂಡಲೇ ಮನೆಗೆ ಫೋನು ಮಾಡು: ಹೀಗೆ ಇಪ್ಪತ್ತೊಂದು ಸಾಲು. ಮಾರನೆಯ ವಾರ ಬಸ್ಸಿನಲ್ಲಿ ಅದನ್ನು ತೆಗೆದಾಗ ಅಕ್ಷರಗಳೇ ಕಣ್ಣಿಗೆ ನಿಲ್ಲಲಿಲ್ಲ. ಐದನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿತ್ತು.

ಉದ್ದವೊಂದೇ ಅದರ ದೋಷವಾಗಿರಲಿಲ್ಲ. "ಹೆದರಬೇಡ" ಎಂಬುದು ಮಾಡಬಹುದಾದ ಕೆಲಸವಲ್ಲ. ಹೆದರಿದವರಿಗೆ ಅದು ತಮ್ಮ ಸೋಲನ್ನೇ ನೆನಪಿಸುತ್ತದೆ. "ದೀರ್ಘವಾಗಿ ಉಸಿರೆಳೆದುಕೋ" ಎಂಬುದಂತೂ ಉಪಕಾರಕ್ಕೆ ಬದಲು ಅಪಕಾರ ಮಾಡಿತು. ದಿಗಿಲಿನಲ್ಲಿ ಉಸಿರು ಸಾಲದೆನಿಸಿದರೂ ವಾಸ್ತವವಾಗಿ ಉಸಿರಾಟ ಅಗತ್ಯಕ್ಕಿಂತ ಹೆಚ್ಚಾಗಿರುತ್ತದೆ. ಹೆಚ್ಚು ಉಸಿರಾಡಿದಷ್ಟೂ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡು ಇಳಿಯುತ್ತದೆ. ಬೆರಳುಗಳ ಜುಮುಜುಮು, ತುಟಿಯ ಮರಗಟ್ಟುವಿಕೆ, ತಲೆತಿರುಗು ಇವೆಲ್ಲ ಅದರ ಫಲಗಳು. ದೊಡ್ಡ ದೊಡ್ಡ ಉಸಿರುಗಳನ್ನೆಳೆದು ಅವಳು ತಾನೇ ಆ ಲಕ್ಷಣಗಳನ್ನು ಹೆಚ್ಚಿಸಿಕೊಂಡಿದ್ದಳು. ಕೆಲವರು ಹೇಳುವಂತೆ ಕಾಗದದ ಚೀಲದೊಳಗೆ ಉಸಿರಾಡುವುದೂ ಕ್ಷೇಮವಲ್ಲ. ಹೃದಯದ ಅಥವಾ ಶ್ವಾಸಕೋಶದ ತೊಂದರೆಯನ್ನು ದಿಗಿಲೆಂದು ತಪ್ಪು ತಿಳಿದು ಹಾಗೆ ಮಾಡಿದರೆ ಆಮ್ಲಜನಕ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು.

ಎರಡನೆಯ ಚೀಟಿ

ಈ ಸಲ ಗಂಡನೂ ಪಕ್ಕದಲ್ಲಿ ಕುಳಿತನು. ಬರೆಯುವ ಮೊದಲು, ಕಳೆದ ಸಲ ಏನಾಯಿತೆಂಬುದನ್ನು ಅವಳು ಅನುಕ್ರಮವಾಗಿ ಹೇಳಿದಳು. ಮೊದಲು ಏನು? ಎದೆಬಡಿತ. ಆಮೇಲೆ? ಉಸಿರು. ಆಮೇಲೆ? ಬೆರಳು. ಆಗ ಮನಸ್ಸಿನಲ್ಲಿ ಬಂದ ಮಾತೇನು? ಇಲ್ಲಿ ಅವಳು ತುಸು ತಡೆದಳು.

"ಎದಿ ನಿಲ್ತದ ಅಂತ ಒಂದು. ಅದಕ್ಕಿಂತ ಹೆಚ್ಚಾಗಿ, ಎಲ್ಲಾರ ಮುಂದ ಬಿದ್ದುಬಿಡ್ತೀನಿ ಅಂತರಿ" ಎಂದಳು.

ಈ ಮಾತನ್ನು ಹೊರತೆಗೆಯುವುದೇ ಚೀಟಿ ಬರೆಯುವ ಕೆಲಸದ ಅರ್ಧ ಭಾಗ. ಒಬ್ಬರಿಗೆ ಸಾವಿನ ಭಯವಾದರೆ, ಇನ್ನೊಬ್ಬರಿಗೆ ಹುಚ್ಚು ಹಿಡಿಯುವುದೆಂಬ ಭಯ, ಮತ್ತೊಬ್ಬರಿಗೆ ಮೂರ್ಛೆ ಹೋಗುವ ಭಯ. ಯಾವ ಭಯಕ್ಕೆ ಯಾವ ಉತ್ತರವೆಂಬುದು ಗೊತ್ತಾಗದೆ ಬರೆದ ಚೀಟಿ, ರೋಗವರಿಯದೆ ಕೊಟ್ಟ ಔಷಧಿಯಂತೆ. ಮೂರ್ಛೆಯ ಭಯಕ್ಕೆ ಶರೀರಶಾಸ್ತ್ರದಲ್ಲಿಯೇ ಉತ್ತರವಿದೆ. ಸಾಮಾನ್ಯವಾಗಿ ಮೂರ್ಛೆ ಬರುವುದು ರಕ್ತದೊತ್ತಡ ಇಳಿದಾಗ. ದಿಗಿಲಿನಲ್ಲಿ ಅದು ಏರಿರುತ್ತದೆ. ಆದುದರಿಂದ ತಲೆ ತಿರುಗಿದಂತಾದರೂ ನಿಜವಾಗಿ ಬೀಳುವುದು ವಿರಳ. ರಕ್ತವನ್ನೋ ಸೂಜಿಯನ್ನೋ ಕಂಡು ತಲೆ ಸುತ್ತುವವರ ಸಂಗತಿ ಬೇರೆ; ಅವರಲ್ಲಿ ಒತ್ತಡ ನಿಜಕ್ಕೂ ಇಳಿಯುತ್ತದೆ.

ಕೊನೆಗೆ, ಅಂಚೆಯ ಕಾರ್ಡಿನ ಅರ್ಧದಷ್ಟಿರುವ ದಪ್ಪ ಕಾಗದದ ಮೇಲೆ, ದಪ್ಪ ಅಕ್ಷರಗಳಲ್ಲಿ, ಐದೇ ಸಾಲು ಬರೆದದ್ದಾಯಿತು. ಪುಸ್ತಕದ ಭಾಷೆಯಲ್ಲಲ್ಲ, ಮನೆಯಲ್ಲಿ ಆಡುವ ಮಾತಿನಲ್ಲಿ. ಭಯಗೊಂಡ ಮನಸ್ಸು ತಾಯ್ನುಡಿಯನ್ನು ಬೇಗ ಕೇಳುತ್ತದೆ. ಔರಾದದ ಕಡೆಯ ಎಷ್ಟೋ ಮನೆಗಳಲ್ಲಿ ಅದು ಮರಾಠಿಯಾಗಬಹುದು, ಬೀದರದ ಹಳೆಯ ಪೇಟೆಯಲ್ಲಿ ಉರ್ದುವಾಗಬಹುದು. ಅವಳ ಚೀಟಿ ಹೀಗಿತ್ತು:

1. ಇದು ಗಾಬ್ರಿ. ಹಿಂದನೂ ಬಂದಿತ್ತು, ಹೋಗಿತ್ತು.
2. ಎದಿ ಬಡಿಯಲಿ. ಡಾಕ್ಟರ್ ಇ.ಸಿ.ಜಿ. ನೋಡ್ಯಾರ. ಇಲ್ಲಿತನಕ ಒಂದ್ ಸಲನೂ ಬಿದ್ದಿಲ್ಲ.
3. ಹೆಗಲು ಸಡಿಲ ಬಿಡು. ಮೂಗಿನಿಂದ ಮೆಲ್ಲಗ ಉಸಿರು, ನಾಲ್ಕು ಎಣಿಸು. ಬಿಡುವಾಗ ಆರು ಎಣಿಸು. ಇಪ್ಪತ್ತು ಸಲ.
4. ಸೀಟು ಬಿಟ್ಟು ಏಳಬ್ಯಾಡ. ರಸ್ತೆದಾಗಿನ ಕಲ್ಲು ಓದು, ಅಂಗಡಿ ಬೋರ್ಡ್ ಓದು.
5. ಇಳಿಯೋದು ಭಾಲ್ಕಿಯೊಳಗೇ. ಇಳಿದು ಕಾಯಿಪಲ್ಲೆ ತಗೊಂಡೇ ಮನಿಗೆ ಹೋಗು.

ಈ ಐದು ಸಾಲುಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವಿದೆ. ಮೊದಲನೆಯದು ಬಂದ ಅತಿಥಿಯನ್ನು ಹೆಸರಿಟ್ಟು ಗುರುತಿಸುತ್ತದೆ. ಎರಡನೆಯದು ಅವಳ ಭಯಕ್ಕೇ ನೇರವಾಗಿ, ಅವಳ ಅನುಭವದಿಂದಲೇ ಉತ್ತರ ಕೊಡುತ್ತದೆ. ಮೂರನೆಯದು ಉಸಿರಿನ ಅತಿರೇಕವನ್ನು ತಗ್ಗಿಸುತ್ತದೆ. ಒಂದು ಉಸಿರಿಗೆ ಹತ್ತು ಸೆಕೆಂಡಿನಂತೆ ಇಪ್ಪತ್ತು ಉಸಿರಿಗೆ ಮೂರು ನಿಮಿಷಕ್ಕೂ ಮಿಕ್ಕಿ ಹಿಡಿಯುತ್ತದೆ. ಇಲ್ಲಿ ಉಸಿರು ದೊಡ್ಡದಾಗಬೇಕಿಲ್ಲ, ನಿಧಾನವಾಗಬೇಕು. ನಾಲ್ಕನೆಯದು ಒಳಗೆ ತಿರುಗಿದ ಗಮನವನ್ನು ಹೊರಕ್ಕೆ ಹೊರಳಿಸುತ್ತದೆ. ಐದನೆಯದು ಎಲ್ಲಕ್ಕಿಂತ ಮುಖ್ಯ. ದಾರಿಯ ನಡುವೆ ಯಾವುದೋ ಕ್ರಾಸಿನಲ್ಲಿ ಇಳಿದುಬಿಟ್ಟರೆ ಆ ಕ್ಷಣ ಹಾಯೆನಿಸುತ್ತದೆ, ನಿಜ. ಆದರೆ "ಇಳಿದದ್ದರಿಂದ ಬದುಕಿದೆ" ಎಂಬ ಪಾಠವನ್ನು ಮನಸ್ಸು ಕಲಿಯುತ್ತದೆ, ಮರುದಿನ ಬಸ್ಸು ಹತ್ತುವುದೇ ಕಷ್ಟವಾಗುತ್ತದೆ. ಕುಳಿತೇ ಇದ್ದು ದಿಗಿಲು ಇಳಿಯುವುದನ್ನು ಕಂಡರೆ ಮಾತ್ರ "ಇಳಿಯದೆಯೂ ಬದುಕಿದೆ" ಎಂಬ ಪಾಠ ದೊರೆಯುತ್ತದೆ.

ಚೀಟಿಯ ಹಿಂಬದಿ

ಹಿಂಬದಿಯಲ್ಲಿ ಎರಡು ಸಂಗತಿಗಳಿದ್ದವು. ಮೊದಲನೆಯದು, ಯಾವಾಗ ಈ ಚೀಟಿಯನ್ನು ಮಡಿಸಿಟ್ಟು ಆಸ್ಪತ್ರೆಗೆ ಹೋಗಬೇಕು ಎಂಬುದು. ಎದೆಯನ್ನು ಯಾರೋ ಅದುಮಿ ಹಿಡಿದಂಥ ನೋವು, ಅದು ತೋಳಿಗೋ ದವಡೆಗೋ ಬೆನ್ನಿಗೋ ಹರಿಯುವುದು. ಮೆಟ್ಟಿಲು ಹತ್ತುವಾಗ ನೋವು ಬಂದು ನಿಂತಾಗ ಕಡಿಮೆಯಾಗುವುದು. ಪ್ರಜ್ಞೆ ನಿಜವಾಗಿಯೂ ತಪ್ಪುವುದು. ಮುಖದ ಒಂದು ಬದಿ ವಾಲಿ ಮಾತು ತೊದಲುವುದು. ಎಂದಿನ ಗಾಬರಿಗಿಂತ ಬೇರೆಯಾದ ಯಾವುದೇ ಹೊಸ ಲಕ್ಷಣ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡತಕ್ಕದ್ದು. ನಲವತ್ತು ದಾಟಿದವರು, ಸಕ್ಕರೆ ರೋಗವೋ ರಕ್ತದೊತ್ತಡವೋ ಇರುವವರು ಸಂದೇಹ ಬಂದಾಗ ಆಸ್ಪತ್ರೆಯ ಕಡೆಗೇ ವಾಲಬೇಕು. ಹೃದಯದ ನೋವನ್ನು ಗಾಬರಿಯೆಂದು ತಳ್ಳಿಹಾಕುವುದಕ್ಕಿಂತ ಗಾಬರಿಗಾಗಿ ಒಮ್ಮೆ ಹೆಚ್ಚು ಇ.ಸಿ.ಜಿ. ತೆಗೆಸುವುದು ಲೇಸು.

ಎರಡನೆಯದು ಪಕ್ಕದವರಿಗಾಗಿ ಬರೆದ ಮಾತು: "ನನಗೆ ಗಾಬರಿಯಾಗಿದೆ. ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ದಯವಿಟ್ಟು ಸುತ್ತುವರಿಯಬೇಡಿ, ಪಕ್ಕದಲ್ಲಿ ಸುಮ್ಮನೆ ಕುಳಿತಿರಿ." ಈ ಸಾಲನ್ನು ಕನ್ನಡದ ಕೆಳಗೆ ಮರಾಠಿಯಲ್ಲಿಯೂ ಉರ್ದುವಿನಲ್ಲಿಯೂ ಬರೆಸಿಕೊಂಡಳು, ಆ ಬಸ್ಸಿನಲ್ಲಿ ಯಾರು ಪಕ್ಕದಲ್ಲಿ ಕೂರುವರೋ ಬಲ್ಲವರಾರು! ಬಾಯಿ ಬಾರದಾಗ ಚೀಟಿಯನ್ನು ಮುಂದೆ ಹಿಡಿದರೆ ಸಾಕು.

ಹಾಗೆ ಬರೆದ ಚೀಟಿಯನ್ನು ಮನೆಯಲ್ಲಿ ಒಮ್ಮೆ ಪರೀಕ್ಷಿಸಿದರು. ವೈದ್ಯರನ್ನು ಕೇಳಿಕೊಂಡು, ಅಂಗಳದಲ್ಲಿ ಒಂದು ನಿಮಿಷ ನಿಂತಲ್ಲಿಯೇ ಓಡಿದಳು. ಎದೆ ಬಡಿಯಿತು, ಉಸಿರು ಏರಿತು. ಆಗ ಚೀಟಿಯನ್ನು ಕೈಗೆತ್ತಿಕೊಂಡು ಓದಿದಳು. ಅಕ್ಷರ ಕಾಣುವುದೇ? ಅರ್ಥ ಕೂಡಲೇ ತಟ್ಟುವುದೇ? ಮೂರನೆಯ ಸಾಲು ಎಣಿಸಲು ಆಗುವುದೇ? ಆ ಪರೀಕ್ಷೆಯಿಂದ ಇನ್ನೊಂದು ಲಾಭವೂ ಆಯಿತು. ಎದೆ ಜೋರಾಗಿ ಬಡಿದರೂ ಅದು ಅಪಾಯವಲ್ಲವೆಂಬುದನ್ನು ಅವಳು ತನ್ನ ಅಂಗಳದಲ್ಲಿಯೇ ಕಂಡಳು. ಹೃದ್ರೋಗ, ಆಸ್ತಮಾ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ಇಂಥ ಪ್ರಯೋಗಕ್ಕೆ ವೈದ್ಯರ ಅನುಮತಿಯಿಲ್ಲದೆ ಕೈಹಾಕಬಾರದು.

ಬಸ್ಸಿನಲ್ಲಿ ಒಂದು ಸಂಜೆ

ಹದಿನೈದು ದಿನಗಳ ಮೇಲೆ ಗಾಬರಿ ಮತ್ತೆ ಬಂತು. ಸಂಜೆ 5 ಗಂಟೆ 40 ನಿಮಿಷ. ಚೀಟಿ ಪರ್ಸಿನ ಹೊರಜೇಬಿನಲ್ಲಿತ್ತು. ಬೀಗದ ಕೈ, ಚಿಲ್ಲರೆ, ಔಷಧಿಯ ಚೀಟಿಗಳ ನಡುವೆ ಹುಡುಕಬೇಕಾಗಿರಲಿಲ್ಲ. ಮೊದಲ ಸಾಲು ಓದಿದಳು, ಭಯ ಕಡಿಮೆಯಾಗಲಿಲ್ಲ. ಎರಡನೆಯದು ಓದಿದಳು, ಆಗಲೂ ಇಲ್ಲ. ಉಸಿರು ಎಣಿಸುತ್ತ ಒಂಬತ್ತಕ್ಕೆ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ತೊಡಗಿದಳು. 5 ಗಂಟೆ 48ಕ್ಕೆ ದಿಗಿಲು ತನ್ನ ಶಿಖರದಲ್ಲಿತ್ತು. ಮುಂದಿನ ಕ್ರಾಸಿನಲ್ಲಿ ಇಳಿದುಬಿಡೋಣವೆಂದು ಕಾಲು ಎಳೆಯಿತು. ಐದನೆಯ ಸಾಲಿನ ಮೇಲೆ ಹೆಬ್ಬೆರಳನ್ನೊತ್ತಿ ಕುಳಿತಳು. ರಸ್ತೆಯ ಕಲ್ಲೊಂದು ಹಾದುಹೋಯಿತು, ಓದಿದಳು. ಇನ್ನೊಂದು ಹಾದುಹೋಯಿತು. 5 ಗಂಟೆ 57ಕ್ಕೆ ಎದುರಿನ ಸೀಟಿನ ಮಗುವೊಂದು ತನ್ನನ್ನೇ ನೋಡುತ್ತಿರುವುದು ಅವಳ ಗಮನಕ್ಕೆ ಬಂತು. ಆಗಲೇ ಅವಳಿಗೆ ತಿಳಿದದ್ದು, ದಿಗಿಲು ಇಳಿಯುತ್ತಿದೆಯೆಂದು.

ಭಾಲ್ಕಿಯಲ್ಲಿ ಇಳಿದು ಕಾಯಿಪಲ್ಲೆ ಕೊಂಡೇ ಮನೆಗೆ ಹೋದಳು. ರಾತ್ರಿ ಒಂದು ನೋಟುಬುಕ್ಕಿನಲ್ಲಿ ಎರಡು ಅಂಕಣ ಎಳೆದಳು: "ಭಯಪಟ್ಟದ್ದು", "ಆದದ್ದು". ಎಡಗಡೆ, "ಎಲ್ಲರೆದುರು ಬೀಳುತ್ತೇನೆ." ಬಲಗಡೆ, "ಬೀಳಲಿಲ್ಲ. ಹದಿನೇಳು ನಿಮಿಷ." ಮುಂದೆ ಚೀಟಿಯ ಎರಡನೆಯ ಸಾಲಿಗೆ ಬಲ ಬಂದದ್ದು ಈ ಅಂಕಣದಿಂದಲೇ.

ಔರಾದದ ಮದುವೆ

ಆದರೆ ಚೀಟಿಯೂ ಸೋಲುವುದುಂಟು. ಔರಾದದ ತವರಿನಲ್ಲಿ ಸೋದರಮಾವನ ಮಗಳ ಮದುವೆ. ಮಂಟಪದಲ್ಲಿ ಧ್ವನಿವರ್ಧಕದ ಅಬ್ಬರ, ಸೆಕೆ, ಜನಜಂಗುಳಿ. ಗಾಬರಿ ಬಂತು. ಮೂಲೆಯ ಕುರ್ಚಿಯಲ್ಲಿ ಕುಳಿತು ಅವಳು ಚೀಟಿಯನ್ನು ಎಂಟು ಸಲ ಓದಿದಳು. ಪ್ರತಿ ಸಲ ಓದಿದ ಮೇಲೂ ಒಳಗೆ ಇಣಿಕಿ ನೋಡುತ್ತಿದ್ದಳು: ಹೋಯಿತೇ? ಇನ್ನೂ ಏಕೆ ಹೋಗಲಿಲ್ಲ? ಹಾಗೆ ಇಣಿಕಿದಷ್ಟೂ ಅದು ಹೆಚ್ಚಿತು. ಕೊನೆಗೆ ಅವ್ವನ ಕೈಹಿಡಿದು ಹೊರಗೆ ಬರಬೇಕಾಯಿತು.

ತಪ್ಪು ಚೀಟಿಯದಲ್ಲ, ಅದನ್ನು ಹಿಡಿದ ರೀತಿಯದು. ದಿಗಿಲನ್ನು ಓಡಿಸುವ ಮಂತ್ರವೆಂದು ಅದನ್ನು ಬಳಸಿದಾಗ, ದಿಗಿಲು ಹೋಗಿದೆಯೇ ಎಂದು ಕಾವಲು ಕಾಯುವ ಕೆಲಸವೂ ಜೊತೆಗೆ ಬರುತ್ತದೆ. ಆ ಕಾವಲೇ ಭಯ. ನಿಧಾನದ ಉಸಿರಿಗೂ ಇದೇ ಮಾತು ಸಲ್ಲುತ್ತದೆ. "ಎಣಿಸದಿದ್ದರೆ ಸಾಯುತ್ತೇನೆ" ಎಂಬ ಹಂತಕ್ಕೆ ಅದು ಬಂದರೆ, ಉಪಾಯವೇ ಒಂದು ಊರುಗೋಲಾಗಿ ಕಾಲಿನ ಬಲವನ್ನು ಕುಂದಿಸುತ್ತದೆ. ಈ ಕಾರಣದಿಂದಲೇ ಕೆಲವು ಚಿಕಿತ್ಸಕರು ಉಸಿರಿನ ಅಭ್ಯಾಸವನ್ನು ಬಿಟ್ಟೇ ಚಿಕಿತ್ಸೆ ನಡೆಸುತ್ತಾರೆ. ಕ್ಲೇರ್ ವೀಕ್ಸ್ ಹೇಳಿದ 'ಇರಗೊಡುವಿಕೆ'ಯ ಅರ್ಥ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಅವಳು ಮನೆಗೆ ಬಂದು ಮೊದಲ ಸಾಲಿನ ಕೊನೆಗೆ ಒಂದೇ ಒಂದು ಶಬ್ದವನ್ನು ಸೇರಿಸಿದಳು: "ಇರಲಿ."

ಇನ್ನೊಂದು ತೊಡಕೂ ಕೆಲವು ದಿನಗಳಲ್ಲಿಯೇ ತಲೆದೋರಿತು. ಒಂದು ಬೆಳಿಗ್ಗೆ ಪರ್ಸು ಬದಲಾಗಿ ಚೀಟಿ ಮನೆಯಲ್ಲಿಯೇ ಉಳಿಯಿತು; ಅದು ತನ್ನ ಬಳಿ ಇಲ್ಲವೆಂಬ ಅರಿವಿನಿಂದಲೇ ಎದೆ ಬಡಿಯಲಾರಂಭಿಸಿತು. ಚೀಟಿ ತಾಯತವಾಗಿತ್ತು! ನೀರಿನ ಬಾಟಲಿ, ಮಾತ್ರೆಯ ಪೊಟ್ಟಣ, ಜೊತೆಗೊಬ್ಬ ಸಂಗಾತಿ: ಇವುಗಳಿಲ್ಲದೆ ಹೊರಗೆ ಕಾಲಿಡಲಾರೆನೆಂಬ ಸ್ಥಿತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಇದಕ್ಕೆ ಮದ್ದು, ಬೇಕೆಂದೇ ಅದನ್ನು ಬಿಟ್ಟು ನಡೆಯುವ ಅಭ್ಯಾಸ. ಮೊದಲು ಹತ್ತು ನಿಮಿಷ ಚೀಟಿಯಿಲ್ಲದೆ ಭಾಲ್ಕಿಯ ಪೇಟೆ. ಆಮೇಲೆ ಬೀದರದ ಚೌಬಾರಾದ ಸುತ್ತಲಿನ ಗದ್ದಲದಲ್ಲಿ ಅರ್ಧ ಗಂಟೆ. ಕೊನೆಗೆ ಚೀಟಿಯಿಲ್ಲದೆ ಔರಾದದ ಬಸ್ಸು. ಒಂದು ಮೆಟ್ಟಿಲು ಬೇಸರ ಬರುವಷ್ಟು ಸುಲಭವಾದ ಮೇಲೆಯೇ ಮುಂದಿನ ಮೆಟ್ಟಿಲು.

ಚೀಟಿಗೂ ಒಂದು ಮೇರೆ

ವಾರಕ್ಕೆ ಹಲವು ಸಲ ದಿಗಿಲು ಬರುತ್ತಿದ್ದರೆ, ಅದರ ಭಯದಿಂದ ಕೆಲಸವೋ ಪ್ರಯಾಣವೋ ನಿಂತುಹೋಗಿದ್ದರೆ, ನಿದ್ದೆ ಕೆಟ್ಟು ಬದುಕೇ ಬೇಡವೆನಿಸತೊಡಗಿದರೆ, ಚೀಟಿಯೊಂದರಿಂದಲೇ ಕಾರ್ಯ ಸಾಗದು. ತಪ್ಪು ಅರ್ಥವನ್ನು ತಿದ್ದಿ, ಅಂಜಿದ ಸ್ಥಳಗಳಿಗೆ ಕ್ರಮವಾಗಿ ಮರಳಿಸುವ ಮನೋಚಿಕಿತ್ಸೆಯುಂಟು. ದಿನವೂ ಸೇವಿಸಿ ಕೆಲವು ವಾರಗಳಲ್ಲಿ ಫಲ ಕಾಣುವ ಔಷಧಿಗಳುಂಟು. ಕೂಡಲೇ ನಿದ್ದೆ ಬರಿಸುವ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗುವುದು ಅಪಾಯಕರ; ಅವು ಬೇಗ ಚಟವಾಗುತ್ತವೆ, ಥಟ್ಟನೆ ಬಿಟ್ಟರೆ ಗಾಬರಿ ಇಮ್ಮಡಿಸುತ್ತದೆ. ಬೀದರದಲ್ಲಿ 'ಬ್ರಿಮ್ಸ್' ಎಂದು ಹೆಸರಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಭಾಲ್ಕಿ, ಔರಾದಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ-ಮಾನಸ್' ಎಂಬ ಸರಕಾರಿ ಸೇವೆಯ 14416ನೆಯ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅಧ್ಯಾಪಕಿಯ ಚೀಟಿಯಲ್ಲಿ ಈ ಸಂಖ್ಯೆ ಐದು ಸಾಲುಗಳ ನಡುವೆ ಇರಲಿಲ್ಲ, ಹಿಂಬದಿಯ ಅಡಿಯಲ್ಲಿತ್ತು. ದಿಗಿಲಿನ ಹತ್ತು ನಿಮಿಷ ಕುಳಿತು ಕಳೆಯುವುದಕ್ಕೆ; ಫೋನು ದಿಗಿಲು ಇಳಿದ ಮೇಲೆ ಮುಂದಿನ ದಾರಿ ಕೇಳುವುದಕ್ಕೆ.

ಆರು ತಿಂಗಳು ಕಳೆದ ಮೇಲೆ ಅವಳ ಚೀಟಿಯ ಅಂಚುಗಳು ನವೆದಿದ್ದವು. ಮೂರನೆಯ ಸಾಲನ್ನು ಅವಳೇ ಹೊಡೆದುಹಾಕಿದ್ದಳು. ಅದರ ಅಗತ್ಯ ಬೀಳುತ್ತಿರಲಿಲ್ಲ. ನಾಲ್ಕನೆಯದು ಬಾಯಿಪಾಠವಾಗಿತ್ತು. ಒಂದು ಸಂಜೆ ಭಾಲ್ಕಿಯ ಬಸ್ಸಿನಲ್ಲಿ ಎದೆ ಮತ್ತೆ ಡವಡವ ಎಂದಾಗ ಅವಳ ಕೈ ಪರ್ಸಿನ ಕಡೆಗೆ ಹೋಗಿ, ಅರ್ಧಕ್ಕೆ ನಿಂತಿತು. "ಬಂತೇನವ್ವಾ? ಇರಲಿ, ಕೂಡು" ಎಂದು ತನ್ನಷ್ಟಕ್ಕೇ ಅಂದುಕೊಂಡು, ಕಿಟಕಿಯಾಚೆಯ ರಸ್ತೆಯ ಕಲ್ಲುಗಳನ್ನು ಓದುತ್ತ ಊರು ಮುಟ್ಟಿದಳು.